ಸರ್ಕಾರಿ ರಜೆ, ಶಾಲೆ ರಜೆ, ಕೋರ್ಟ್ ರಜೆ: ಯಾವುದು ಯಾರ ಕೈಯಲ್ಲಿದೆ? (ಪದೇ ಪದೇ ಕೇಳುವ ಪ್ರಶ್ನೆಗಳು)

ನಾನು ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ನಮ್ಮ ಮನೆಯಲ್ಲಿ ಮೂರು ಬಣ್ಣದ ಗುರುತು ಇರುತ್ತದೆ. ಅಚ್ಚಾದ ಕೆಂಪು ಅಕ್ಷರ ಸರ್ಕಾರಿ ರಜೆ. ಹಸಿರು ಅವಳ ಶಾಲೆಯ ರಜೆ. ನೀಲಿ ನನ್ನ ಕೋರ್ಟ್ ರಜೆ. ಮೂರೂ ಒಂದೇ ದಿನ ಬೀಳುವುದು ಅಪರೂಪ. ನೆಂಟರು, ಕಕ್ಷಿದಾರರು, ಮಕ್ಕಳ ತಂದೆತಾಯಿ ಎಲ್ಲರೂ ಇದರ ಬಗ್ಗೆ ಅದದೇ ಪ್ರಶ್ನೆ ಕೇಳುತ್ತಿರುತ್ತಾರೆ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಎಲ್ಲವೂ ಕರ್ನಾಟಕಕ್ಕೆ ಸಂಬಂಧಿಸಿದ್ದು.

ಎಲ್ಲವೂ ರಜೆಯೇ ಅಲ್ವಾ? ವ್ಯತ್ಯಾಸ ಏನು?

ಸಾರ್ವತ್ರಿಕ ರಜೆ ಅಂದರೆ ಸರ್ಕಾರ "ಈ ದಿನ ಕಚೇರಿ ಮುಚ್ಚಿ" ಎಂದು ಹೇಳಿದ ದಿನ. ಗಣರಾಜ್ಯೋತ್ಸವ, ಯುಗಾದಿ, ಬಕ್ರೀದ್, ಕ್ರಿಸ್‌ಮಸ್ ಇವೆಲ್ಲ ಹೀಗೆ ಬರುತ್ತವೆ. ಒಂದೊಂದೇ ದಿನ, ಎಲ್ಲ ಇಲಾಖೆಗೂ ಒಂದೇ ಆದೇಶ.

ಬೇಸಿಗೆ ರಜೆ ಬೇರೆ ಜಾತಿಯದು. ಒಂದು ಸಂಸ್ಥೆ ತನ್ನ ಮುಖ್ಯ ಕೆಲಸವನ್ನು ಕೆಲವು ವಾರ ನಿಲ್ಲಿಸುತ್ತದೆ. ಶಾಲೆಯಲ್ಲಿ ಪಾಠ ನಿಲ್ಲುತ್ತದೆ, ಕೋರ್ಟ್‌ನಲ್ಲಿ ಮಾಮೂಲಿ ವಿಚಾರಣೆ ನಿಲ್ಲುತ್ತದೆ. ಆದರೆ ಬಾಗಿಲಿಗೆ ಬೀಗ ಬೀಳುವುದಿಲ್ಲ. ಮೇ ತಿಂಗಳಲ್ಲಿ ಕೋರ್ಟ್ ಆವರಣಕ್ಕೆ ಹೋಗಿ ನೋಡಿ. ಕ್ಯಾಂಟೀನ್ ಖಾಲಿ ಇರಬಹುದು, ಕಚೇರಿಯಲ್ಲಿ ಸಿಬ್ಬಂದಿ ಕಡತ ಹೊತ್ತು ಓಡಾಡುತ್ತಿರುತ್ತಾರೆ. ರಜೆ ಇರುವುದು ನ್ಯಾಯಾಧೀಶರ ಕಲಾಪಕ್ಕೆ, ಕಚೇರಿಗೆ ಅಲ್ಲ.

ಸಾರ್ವತ್ರಿಕ ರಜೆಗಳ ಪಟ್ಟಿ ಯಾರು ಮಾಡುತ್ತಾರೆ?

ರಾಜ್ಯ ಸರ್ಕಾರ. ಪಟ್ಟಿ ತಯಾರಾಗುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಲ್ಲಿ. ಸಚಿವ ಸಂಪುಟ ಒಪ್ಪಿದ ಮೇಲೆ ಅಧಿಸೂಚನೆ ಹೊರಡುತ್ತದೆ. ಸಾಮಾನ್ಯವಾಗಿ ನವೆಂಬರ್-ಡಿಸೆಂಬರ್ ಹೊತ್ತಿಗೆ ಮುಂದಿನ ವರ್ಷದ ಪಟ್ಟಿ ಕೈಗೆ ಸಿಗುತ್ತದೆ, ಕ್ಯಾಲೆಂಡರ್ ಅಚ್ಚು ಹಾಕುವವರು ಕಾಯುವುದು ಇದಕ್ಕೇ.

ಪಟ್ಟಿಯ ಜೊತೆಗಿನ ಸಣ್ಣ ಅಕ್ಷರದ ಟಿಪ್ಪಣಿಗಳನ್ನು ಓದುವವರು ಕಡಿಮೆ. ಭಾನುವಾರ, ಎರಡನೇ ಶನಿವಾರ ಮತ್ತು ನಾಲ್ಕನೇ ಶನಿವಾರ ಬೀಳುವ ಹಬ್ಬಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ಮುಸ್ಲಿಂ ಹಬ್ಬ ಚಂದ್ರದರ್ಶನದಿಂದ ಒಂದು ದಿನ ಆಚೀಚೆ ಆದರೆ, ಆ ಸಮುದಾಯದ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಅಂತ ಬರೆದಿರುತ್ತದೆ. ಕೊಡಗಿನ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಆ ಜಿಲ್ಲೆಗೆ ಮಾತ್ರ ಸ್ಥಳೀಯ ರಜೆ ಇರುತ್ತದೆ.

ನಾಲ್ಕನೇ ಶನಿವಾರದ ರಜೆ ಬಂದದ್ದು 2019ರಲ್ಲಿ. ಅದು ಪುಕ್ಕಟೆ ಬರಲಿಲ್ಲ. ನೌಕರರ ಸಾಂದರ್ಭಿಕ ರಜೆಯನ್ನು ಆಗ 15ರಿಂದ 10 ದಿನಕ್ಕೆ ಇಳಿಸಿದರು.

ಪರಿಮಿತ ರಜೆ ಅಂದರೇನು?

ಪಟ್ಟಿಯಲ್ಲಿ ಇರುತ್ತದೆ, ಆದರೆ ಕಚೇರಿ ಮುಚ್ಚುವುದಿಲ್ಲ. ನೌಕರರು ಅದರಲ್ಲಿ ತಮಗೆ ಬೇಕಾದ ಎರಡು ದಿನ ಆರಿಸಿಕೊಂಡು ಮೊದಲೇ ಅರ್ಜಿ ಕೊಟ್ಟು ರಜೆ ಹಾಕಬಹುದು. ನೀವು ಹೋದ ದಿನ ನಿಮ್ಮ ಕಡತದ ಗುಮಾಸ್ತರೇ ಆ ರಜೆ ಹಾಕಿದ್ದರೆ ಅದು ನಿಮ್ಮ ಹಣೆಬರಹ.

ಖಾಸಗಿ ಕಂಪನಿಗೂ ಈ ಪಟ್ಟಿ ಅನ್ವಯಿಸುತ್ತದಾ?

ಇಲ್ಲ. ಕಾರ್ಖಾನೆ, ಕಂಪನಿಗಳಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ರಾಜ್ಯ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಅದರಲ್ಲಿ ಕಡ್ಡಾಯ. ಇವುಗಳ ಜೊತೆ ಹಬ್ಬಗಳಿಗೆ ಇನ್ನೂ ಕೆಲವು ದಿನ ಸೇರುತ್ತವೆ.

ಶಾಲೆಯ ಬೇಸಿಗೆ ರಜೆ ಯಾರು ಗೊತ್ತು ಮಾಡುತ್ತಾರೆ?

ಶಾಲಾ ಶಿಕ್ಷಣ ಇಲಾಖೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಪ್ರತಿ ವರ್ಷ ಒಂದು ಶೈಕ್ಷಣಿಕ ಮಾರ್ಗಸೂಚಿ ಬರುತ್ತದೆ. ಸಾರ್ವತ್ರಿಕ ರಜೆ ಪಟ್ಟಿಗೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೇ. 2025-26ರದ್ದನ್ನೇ ನೋಡಿ. ಮೊದಲ ಅವಧಿ ಮೇ 29ರಿಂದ ಸೆಪ್ಟೆಂಬರ್ 19. ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7. ಎರಡನೇ ಅವಧಿ ಅಕ್ಟೋಬರ್ 8ರಿಂದ ಏಪ್ರಿಲ್ 10. ಆಮೇಲೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ, ಅಂದರೆ 48 ದಿನ.

ಇಲಾಖೆ ಮನಸ್ಸಿಗೆ ಬಂದಷ್ಟು ರಜೆ ಕೊಡಲು ಆಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು ಅಂತ ಇದೆ. ಮೊದಲು ಆ ದಿನಗಳನ್ನು ಎಣಿಸಿ ತೆಗೆದಿಡಬೇಕು. ಉಳಿದದ್ದರಲ್ಲಿ ಭಾನುವಾರ, ಹಬ್ಬ, ದಸರಾ, ಬೇಸಿಗೆ ಎಲ್ಲ ಹೊಂದಿಸಬೇಕು. ನನ್ನ ಹೆಂಡತಿ ಹೇಳುವ ಹಾಗೆ, ಇದು ಸಂಬಳದಲ್ಲಿ ಬಾಡಿಗೆ ತೆಗೆದಿಟ್ಟ ಮೇಲೆ ಉಳಿದ ದುಡ್ಡಿನ ಲೆಕ್ಕ.

ನಮ್ಮ ಮಗುವಿನ ಸಿಬಿಎಸ್‌ಇ ಶಾಲೆಗೆ ಬೇರೆ ದಿನಾಂಕ ಇದೆಯಲ್ಲ?

ಇರುತ್ತದೆ. ಆ ಶಾಲೆಗಳು ತಮ್ಮದೇ ವೇಳಾಪಟ್ಟಿ ಹಾಕಿಕೊಳ್ಳುತ್ತವೆ. ಕೇಂದ್ರೀಯ ವಿದ್ಯಾಲಯಗಳಿಗೆ ಅವರ ಸಂಘಟನೆಯೇ ರಜೆ ಗೊತ್ತು ಮಾಡುತ್ತದೆ. ಅಣ್ಣನ ಮಗು ರಾಜ್ಯ ಪಠ್ಯಕ್ರಮ, ತಂಗಿಯ ಮಗು ಸಿಬಿಎಸ್‌ಇ ಆದರೆ ಅಜ್ಜಿ ಮನೆಗೆ ಇಬ್ಬರೂ ಒಟ್ಟಿಗೆ ಹೋಗುವುದು ಕಷ್ಟವೇ.

ರಾಜ್ಯ ಪಠ್ಯಕ್ರಮದ ಒಳಗೂ ಸ್ವಲ್ಪ ಸಡಿಲ ಇದೆ. ಕ್ರಿಸ್‌ಮಸ್ ರಜೆ ಬೇಕೆನ್ನುವ ಸಂಸ್ಥೆಗಳು ಜಿಲ್ಲೆಯ ಉಪನಿರ್ದೇಶಕರಿಗೆ ಕೇಳಿಕೊಳ್ಳಬಹುದು. ಅಲ್ಲಿ ಕೊಟ್ಟಷ್ಟು ದಿನ ದಸರಾ ರಜೆಯಲ್ಲಿ ಕಡಿತವಾಗುತ್ತದೆ.

ಮಳೆಗೆ ಶಾಲೆಗೆ ರಜೆ ಅಂತ ಜಿಲ್ಲಾಧಿಕಾರಿ ಹೇಳುತ್ತಾರಲ್ಲ, ಅದು ಯಾವುದು?

ಅದು ಸಾರ್ವತ್ರಿಕ ರಜೆಯೂ ಅಲ್ಲ, ಶಾಲಾ ರಜೆ ಅವಧಿಯೂ ಅಲ್ಲ. ದಕ್ಷಿಣ ಕನ್ನಡ, ಉಡುಪಿ, ಕೊಡಗಿನವರಿಗೆ ಇದು ಚೆನ್ನಾಗಿ ಗೊತ್ತು. ರೆಡ್ ಅಲರ್ಟ್ ಬಂದರೆ ಹಿಂದಿನ ಸಂಜೆಯೋ ಬೆಳಿಗ್ಗೆ ಬೇಗನೋ ಜಿಲ್ಲಾಧಿಕಾರಿ ಆದೇಶ ಹೊರಡುತ್ತದೆ. ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ಎಂದಿದ್ದರೆ ಡಿಗ್ರಿ ಕಾಲೇಜಿನವರು ಕೊಡೆ ಹಿಡಿದು ಹೋಗಬೇಕು. ಆದೇಶದಲ್ಲಿ ತಾಲ್ಲೂಕಿನ ಹೆಸರೂ ನೋಡಬೇಕು, ಕೆಲವೊಮ್ಮೆ ಇಡೀ ಜಿಲ್ಲೆಗೆ ಇರುವುದಿಲ್ಲ. ಹೀಗೆ ಕಳೆದುಹೋದ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ರಜಾದಿನವೋ ಶಾಲೆ ನಡೆಸಿ ತುಂಬಿಸುತ್ತಾರೆ. ಯುಗಾದಿ ರಜೆಗೆ ಯಾರೂ ಹಾಗೆ ಲೆಕ್ಕ ಕೇಳುವುದಿಲ್ಲ.

ಒಮ್ಮೆ ಗೊತ್ತಾದ ಶಾಲಾ ರಜೆ ಬದಲಾಗುತ್ತದಾ?

ಬದಲಾಗುತ್ತದೆ. 2025ರ ದಸರಾ ನೆನಪಿದೆಯಲ್ಲ? ಮಾರ್ಗಸೂಚಿ ಪ್ರಕಾರ ಅಕ್ಟೋಬರ್ 8ಕ್ಕೆ ಶಾಲೆ ಶುರುವಾಗಬೇಕಿತ್ತು. ಶಿಕ್ಷಕರೆಲ್ಲ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತುತ್ತಿದ್ದರು, ಕೆಲಸ ಮುಗಿದಿರಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಸರ್ಕಾರ ಅಕ್ಟೋಬರ್ 18ರವರೆಗೆ ಮುಂದುವರಿಸಿತು. ಮಕ್ಕಳಿಗೆ ಹೆಚ್ಚು ರಜೆ, ಟೀಚರ್‌ಗಳಿಗೆ ಹೆಚ್ಚು ನಡಿಗೆ. ನಮ್ಮ ಮನೆಯಲ್ಲಿ ಆ ವಾರ ಅಡುಗೆ ನನ್ನದೇ.

ಹಾಗಾದರೆ ಟೀಚರ್‌ಗಳಿಗೆ ಬೇಸಿಗೆ ರಜೆ ಪೂರಾ ಆರಾಮವಾ?

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಬೇಡಿ. ಕಾಗದದ ಮೇಲಿನ ಲೆಕ್ಕ ಹೀಗಿದೆ. ಕಚೇರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸಿಕ್ಕರೆ, ಬೇಸಿಗೆ ಮತ್ತು ದಸರಾ ರಜೆ ಅನುಭವಿಸುವ ಶಿಕ್ಷಕರಿಗೆ 10 ದಿನ ಮಾತ್ರ. ಅಂದರೆ ಆ ರಜೆಯ ಬೆಲೆ ಮೊದಲೇ ಅವರ ಖಾತೆಯಿಂದ ಹೋಗಿರುತ್ತದೆ. ರಜೆಯಲ್ಲಿ ಚುನಾವಣೆಗೋ ಸಮೀಕ್ಷೆಗೋ ಕರೆದರೆ, ದುಡಿದ ದಿನಗಳಿಗೆ ತಕ್ಕಂತೆ ಗಳಿಕೆ ರಜೆ ಸೇರಿಸಲು ಕೇಳಬಹುದು. ಕರೆದ ಆದೇಶದ ಪ್ರತಿ ಮತ್ತು ಹಾಜರಾತಿ ಪತ್ರ ಇಟ್ಟುಕೊಳ್ಳದಿದ್ದರೆ ಆಮೇಲೆ ಬಾಯಿಮಾತು ನಡೆಯುವುದಿಲ್ಲ.

2024ರ ಬೇಸಿಗೆಯಲ್ಲಿ ಬರ ಇದ್ದ ತಾಲ್ಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ನಡೆಯಿತು. ಪಾಠ ಇಲ್ಲ, ಒಲೆ ಮಾತ್ರ ಉರಿಯುತ್ತಿತ್ತು. ಶಾಲಾ ರಜೆ ಅಂದರೆ ಶಾಲೆ ಮುಚ್ಚಿದೆ ಅಂತಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಕೋರ್ಟ್ ರಜೆ ಸರ್ಕಾರ ನಿರ್ಧರಿಸುತ್ತದಾ?

ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಕೋರ್ಟ್ ಕ್ಯಾಲೆಂಡರ್ ವಿಧಾನಸೌಧದಲ್ಲಿ ತಯಾರಾಗುವುದಿಲ್ಲ, ಎದುರಿನ ಕೆಂಪು ಕಟ್ಟಡದಲ್ಲಿ ತಯಾರಾಗುತ್ತದೆ. ಹೈಕೋರ್ಟ್ ಪ್ರತಿ ವರ್ಷ ತನ್ನ ಕ್ಯಾಲೆಂಡರ್ ಪ್ರಕಟಿಸುತ್ತದೆ. ಅದರಲ್ಲಿ ಬೇಸಿಗೆ, ದಸರಾ, ಚಳಿಗಾಲದ ರಜೆ ಮೂರೂ ಇರುತ್ತವೆ. ಬೇಸಿಗೆ ರಜೆ ಸುಮಾರಾಗಿ ಏಪ್ರಿಲ್ ಕೊನೆಯಿಂದ ಮೇ ಕೊನೆಯೊಳಗೆ ಬೀಳುತ್ತದೆ. ದಸರಾದ್ದು ಮತ್ತು ಕ್ರಿಸ್‌ಮಸ್ ಹೊತ್ತಿನದು ಚಿಕ್ಕವು. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಪೀಠಗಳಿಗೆ ಒಂದೇ ಕ್ಯಾಲೆಂಡರ್. ಜಿಲ್ಲಾ, ತಾಲ್ಲೂಕು ಕೋರ್ಟ್‌ಗಳ ರಜೆಯೂ ಹೈಕೋರ್ಟ್ ಕಡೆಯಿಂದಲೇ ಬರುತ್ತದೆ, ಆದರೆ ದಿನಾಂಕ ಹೈಕೋರ್ಟ್‌ನದ್ದೇ ಇರಬೇಕು ಅಂತೇನಿಲ್ಲ.

ಕಾನೂನಿನ ಪುಸ್ತಕ ತೆರೆದರೆ ಇನ್ನೊಂದು ಹೆಸರು ಕಾಣುತ್ತದೆ. ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಮತ್ತು ಸೇವಾ ಷರತ್ತುಗಳ 1954ರ ಕಾಯ್ದೆಯಲ್ಲಿ, ರಜೆ ಅವಧಿಯನ್ನು ರಾಷ್ಟ್ರಪತಿ ಆದೇಶದ ಮೂಲಕ ಗೊತ್ತು ಮಾಡಬಹುದು ಅಂತ ಇದೆ. ದಿನನಿತ್ಯದಲ್ಲಿ ಮಾತ್ರ ನಾವು ನೋಡುವುದು ರಿಜಿಸ್ಟ್ರಾರ್ ಜನರಲ್ ಅವರ ಅಧಿಸೂಚನೆಯನ್ನೇ.

ಸುಪ್ರೀಂ ಕೋರ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ನಿರ್ಧರಿಸುತ್ತಾರೆ. 2024ರಲ್ಲಿ ಅಲ್ಲಿನ ನಿಯಮದಿಂದ 'ಬೇಸಿಗೆ ರಜೆ' ಎಂಬ ಪದವನ್ನೇ ತೆಗೆದು, 'ಭಾಗಶಃ ಕೆಲಸದ ದಿನಗಳು' ಅಂತ ಮಾಡಿದರು. ಭಾನುವಾರ ಬಿಟ್ಟು ಒಟ್ಟು ರಜೆಗಳು ವರ್ಷಕ್ಕೆ 95 ದಿನ ಮೀರಬಾರದು ಎಂದೂ ಬರೆದರು, ಮೊದಲು ಅದು 103 ಇತ್ತು. ಹೆಸರು ಬದಲಾದರೂ ವಕೀಲರು ಈಗಲೂ 'ವೆಕೇಷನ್' ಅಂತಲೇ ಕರೆಯುತ್ತಾರೆ.

ರಜೆಯಲ್ಲಿ ನನಗೆ ತುರ್ತಾಗಿ ಜಾಮೀನು ಬೇಕಾದರೆ?

ರಜಾಕಾಲದ ಪೀಠ ಇರುತ್ತದೆ. ಯಾವ ದಿನ ಯಾವ ನ್ಯಾಯಮೂರ್ತಿ ಕೂರುತ್ತಾರೆ, ಅರ್ಜಿ ಯಾವ ಗಂಟೆಯೊಳಗೆ ಕೊಡಬೇಕು ಎಂಬುದು ರಜೆಗೆ ಮೊದಲೇ ನೋಟಿಸ್‌ನಲ್ಲಿ ಬರುತ್ತದೆ. ಯಾಕೆ ತುರ್ತು ಅಂತ ಬರೆದುಕೊಡಬೇಕು. ಜಾಮೀನು, ನಾಳೆಯೇ ಮನೆ ಕೆಡವುತ್ತಾರೆ ಎಂಬಂಥ ತಡೆಯಾಜ್ಞೆ ಇವು ಒಳಗೆ ಹೋಗುತ್ತವೆ. ಹತ್ತು ವರ್ಷದಿಂದ ನಡೆಯುತ್ತಿರುವ ಭಾಗದ ದಾವೆ ಹೋಗುವುದಿಲ್ಲ.

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎಂಬುದು ಸಂವಿಧಾನದ ಮಾತು. ಅದಕ್ಕೆ ದೀಪಾವಳಿಯೂ ಇಲ್ಲ, ಮೇ ತಿಂಗಳೂ ಇಲ್ಲ. ಕೋರ್ಟ್ ಮುಚ್ಚಿದ್ದರೆ ಪೊಲೀಸರು ಮ್ಯಾಜಿಸ್ಟ್ರೇಟ್ ಮನೆಗೇ ಕರೆದುಕೊಂಡು ಹೋಗುತ್ತಾರೆ.

ನನ್ನ ಅಪೀಲಿನ ಕೊನೆ ದಿನ ಕೋರ್ಟ್ ರಜೆಯಲ್ಲಿ ಬಿದ್ದಿದೆ. ಹೋಯಿತಾ?

ಹೋಗಿಲ್ಲ. 1963ರ ಕಾಲಮಿತಿ ಕಾಯ್ದೆಯ 4ನೇ ಕಲಮು ಇರುವುದೇ ಇದಕ್ಕೆ. ಗಡುವಿನ ಕೊನೆ ದಿನ ಕೋರ್ಟ್ ಮುಚ್ಚಿದ್ದರೆ, ಮತ್ತೆ ತೆರೆದ ದಿನ ಸಲ್ಲಿಸಬಹುದು. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ.

ತಾಲ್ಲೂಕು ಕೋರ್ಟ್‌ನಲ್ಲಿ ಜಮೀನಿನ ದಾವೆ ಸೋತಿರಿ ಅಂದುಕೊಳ್ಳಿ. ತೀರ್ಪು 2026ರ ಏಪ್ರಿಲ್ 8ಕ್ಕೆ. ಜಿಲ್ಲಾ ಕೋರ್ಟ್‌ಗೆ ಅಪೀಲು ಹಾಕಲು 30 ದಿನ. ತೀರ್ಪಿನ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಮೇ 8ಕ್ಕೆ ಗಡುವು. ಇನ್ನು ತೀರ್ಪಿನ ದೃಢೀಕೃತ ನಕಲಿಗೆ ನೀವು ಏಪ್ರಿಲ್ 9ಕ್ಕೆ ಅರ್ಜಿ ಹಾಕಿ, 15ಕ್ಕೆ ನಕಲು ಸಿದ್ಧವಾಯಿತು. ನಡುವೆ ಅಂಬೇಡ್ಕರ್ ಜಯಂತಿ ರಜೆ ಬಂದರೂ ಒಟ್ಟು 7 ದಿನ ನಿಮಗೆ ಮಾಫಿ. ಗಡುವು ಮೇ 15ಕ್ಕೆ ಹೋಯಿತು. ಆ ಕೋರ್ಟ್‌ಗೆ ಮೇ 11ರಿಂದ 30ರವರೆಗೆ ಬೇಸಿಗೆ ರಜೆ, 31 ಭಾನುವಾರ ಅಂತ ಇಟ್ಟುಕೊಳ್ಳೋಣ. ಜೂನ್ 1, ಸೋಮವಾರ ಅಪೀಲು ಸಲ್ಲಿಸಿದರೆ ತಡ ಆಗಿಲ್ಲ.

ಜೂನ್ 1ಕ್ಕೆ ವಕೀಲರಿಗೆ ಹುಷಾರಿಲ್ಲ, 2ನೇ ತಾರೀಖು ಸಲ್ಲಿಸಿದಿರಿ. ಆಗ ತಡ ಎಷ್ಟು? ಒಂದು ದಿನ ಅಂತ ಹೇಳಿಬಿಡುತ್ತಾರೆ. ತಪ್ಪು. 18 ದಿನ. ಯಾಕೆಂದರೆ ಆ ಕಲಮು ಗಡುವನ್ನು ಉದ್ದ ಮಾಡುವುದಿಲ್ಲ, ಬಾಗಿಲು ತೆರೆದ ದಿನ ಒಳಗೆ ಬಿಡುತ್ತದೆ ಅಷ್ಟೇ. ಆ ದಿನ ತಪ್ಪಿದರೆ ಲೆಕ್ಕ ಮೇ 15ಕ್ಕೇ ವಾಪಸ್ ಹೋಗುತ್ತದೆ. ಅಷ್ಟೂ ದಿನದ ತಡಕ್ಕೆ ಕಾರಣ ಬರೆದು ಪ್ರತ್ಯೇಕ ಅರ್ಜಿ ಹಾಕಬೇಕು.

ಇನ್ನೊಂದು ಮಾತು. ನೀವು ಅಪೀಲು ಹಾಕಬೇಕಾದ ಕೋರ್ಟ್‌ಗೇ ರಜೆ ಇರಬೇಕು. ಪಕ್ಕದ ಕೋರ್ಟ್‌ಗೆ ರಜೆ ಇದ್ದರೆ ಪ್ರಯೋಜನವಿಲ್ಲ. ಚೆಕ್ ಬೌನ್ಸ್ ದೂರು ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ. ಸಿವಿಲ್ ಕೋರ್ಟ್ ರಜೆ ನೋಡಿ ಆ ಒಂದು ತಿಂಗಳ ಗಡುವನ್ನು ಬಿಟ್ಟುಕೊಂಡವರನ್ನು ನಾನೇ ಕಂಡಿದ್ದೇನೆ. ಅದಕ್ಕೇ ಸುತ್ತೋಲೆಯಲ್ಲಿ ಯಾವ ಕೋರ್ಟ್‌ಗೆ ರಜೆ ಅಂತ ಓದಿ, ಬರೀ ದಿನಾಂಕ ಅಲ್ಲ.

ಈ ರಕ್ಷಣೆ ಯಾವಾಗಲೂ ಸಿಗುತ್ತದಾ?

ಇಲ್ಲ. ಕರ್ನಾಟಕದ್ದೇ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣ ಇದೆ. ಪಂಚಾಯ್ತಿದಾರರು ಕೊಟ್ಟ ತೀರ್ಪನ್ನು ಕೋರ್ಟ್‌ನಲ್ಲಿ ಪ್ರಶ್ನಿಸಲು ಮಧ್ಯಸ್ಥಿಕೆ ಕಾಯ್ದೆ 3 ತಿಂಗಳು ಕೊಡುತ್ತದೆ. ಸರಿಯಾದ ಕಾರಣ ಇದ್ದರೆ ಮೇಲೆ 30 ದಿನ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ. ಕಾರ್ಖಾನೆಯವರ 3 ತಿಂಗಳು 2016ರ ನವೆಂಬರ್‌ನಲ್ಲೇ ಮುಗಿದಿತ್ತು. ಮೇಲಿನ 30 ದಿನ ಮುಗಿದದ್ದು ಡಿಸೆಂಬರ್‌ನ ಚಳಿಗಾಲದ ರಜೆಯ ನಡುವೆ. ಕೋರ್ಟ್ ತೆರೆದ 2017ರ ಜನವರಿ 2ಕ್ಕೆ ಅರ್ಜಿ ಹಾಕಿದರು.

2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ರಜೆಯ ರಕ್ಷಣೆ ಕಾನೂನು ಗೊತ್ತುಮಾಡಿದ ಮೂಲ ಅವಧಿಗೆ ಮಾತ್ರ, ಕೋರ್ಟ್ ದಯೆಯಿಂದ ಕೊಡುವ ಹೆಚ್ಚುವರಿ 30 ದಿನಕ್ಕೆ ಇಲ್ಲ ಎಂದಿತು. ನನಗೆ ಇದು ಸ್ವಲ್ಪ ಕಠಿಣ ಅನ್ನಿಸುತ್ತದೆ. ಮುಚ್ಚಿದ ಬಾಗಿಲಿಗೆ ಅರ್ಜಿ ಕೊಡಿ ಎಂದ ಹಾಗಾಯಿತು. ಆದರೆ ಈಗ ಕಾನೂನು ಅದೇ.

ಬ್ಯಾಂಕಿನ ವ್ಯವಹಾರದಲ್ಲೂ ಗಡುವು ಹೀಗೇ ಮುಂದಕ್ಕೆ ಹೋಗುತ್ತದಾ?

ಕೆಲವು ಕಡೆ ಹಿಂದಕ್ಕೆ ಬರುತ್ತದೆ! 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮಿನ ಪ್ರಕಾರ, ಪ್ರಾಮಿಸರಿ ನೋಟು ಅಥವಾ ಹುಂಡಿಯ ಹಣ ಕೊಡಬೇಕಾದ ದಿನ ಸಾರ್ವತ್ರಿಕ ರಜೆ ಬಿದ್ದರೆ, ಅದಕ್ಕಿಂತ ಹಿಂದಿನ ಕೆಲಸದ ದಿನವೇ ಕೊಡಬೇಕು. ಕೋರ್ಟ್ ಗಡುವು ಮುಂದಕ್ಕೆ, ನೋಟಿನ ಗಡುವು ಹಿಂದಕ್ಕೆ. ಬ್ಯಾಂಕ್ ರಜೆ ಘೋಷಣೆಯಾಗುವುದೂ ಇದೇ ಕಲಮಿನ ಕೆಳಗೆ. ಕೋರ್ಟ್‌ನ ಬೇಸಿಗೆ ರಜೆಗೆ ಇಲ್ಲಿ ಬೆಲೆಯೇ ಇಲ್ಲ.

ಎಸಿ ಕೋರ್ಟ್, ತಹಶೀಲ್ದಾರ್ ಕೋರ್ಟ್‌ಗೂ ಮೇ ರಜೆ ಇದೆಯಾ?

ಇಲ್ಲ. ಹೆಸರು ಕೋರ್ಟ್ ಆದರೂ ಅವು ಕಂದಾಯ ಇಲಾಖೆಯ ಕಚೇರಿಗಳು. ಅವಕ್ಕೆ ಸಾರ್ವತ್ರಿಕ ರಜೆ ಪಟ್ಟಿ ಮಾತ್ರ. ಪಹಣಿ, ಖಾತೆ ತಕರಾರು ಇದ್ದವರು ಮೇ ತಿಂಗಳಲ್ಲೂ ಹಾಜರಾಗಬೇಕು. ಕಲಬುರಗಿ ಭಾಗ, ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲಿಗೆ ಏಪ್ರಿಲ್-ಮೇನಲ್ಲಿ ಸರ್ಕಾರಿ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಮಾಡುತ್ತಾರೆ. ಗೊತ್ತಿಲ್ಲದೆ ಮಧ್ಯಾಹ್ನ ಎರಡಕ್ಕೆ ಹೋದರೆ ಬೀಗ ನೋಡಿಕೊಂಡು ಬರಬೇಕು.

ಗಣ್ಯರು ತೀರಿಕೊಂಡಾಗ ಸರ್ಕಾರ ದಿಢೀರ್ ರಜೆ ಘೋಷಿಸಿದರೆ ಕೋರ್ಟ್‌ಗೂ ರಜೆಯಾ?

ತಾನಾಗೇ ಆಗುವುದಿಲ್ಲ. ಸರ್ಕಾರದ ಆದೇಶ ಸರ್ಕಾರಿ ಕಚೇರಿ, ಶಾಲೆ, ಕಾಲೇಜಿಗೆ. ಕೋರ್ಟ್‌ಗೆ ಹೈಕೋರ್ಟ್‌ನಿಂದ ಪ್ರತ್ಯೇಕ ಅಧಿಸೂಚನೆ ಬರಬೇಕು. ರಾತ್ರಿ ಟಿವಿಯಲ್ಲಿ 'ನಾಳೆ ರಜೆ' ಅಂತ ಬಂದ ಕೂಡಲೇ ನಮ್ಮ ಮನೆಯಲ್ಲಿ ಹೆಂಡತಿ ಅಲಾರಂ ತೆಗೆಯುತ್ತಾಳೆ. ನಾನು ಹೈಕೋರ್ಟ್ ವೆಬ್‌ಸೈಟ್ ತೆರೆದು ಕೂರುತ್ತೇನೆ. ಅಲ್ಲಿ ಏನೂ ಕಾಣದಿದ್ದರೆ, ಬೆಳಿಗ್ಗೆ ಮಾಮೂಲಿನಂತೆ ಕಡತದ ಚೀಲ ಹಿಡಿದು ಬಸ್ ಹತ್ತುತ್ತೇನೆ.